ಒಂಬತ್ತು ದಿನ ಬಾರದ ಕಸದ ಗಾಡಿ

ನಮ್ಮದು ವಾರ್ಡಿನ ಕಟ್ಟಕಡೆಯ ಅಡ್ಡರಸ್ತೆ. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಆಟೋ ಟಿಪ್ಪರ್ ಬರಬೇಕು. ಕಳೆದ ವರ್ಷ, 2025ರ ಜೂನ್ ತಿಂಗಳಲ್ಲಿ, ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎನ್ನುವಂತಾಯಿತು. ಮೂರು ಸಲ ದೂರು ಕೊಟ್ಟೆ. ಆರನೇ ತಾರೀಖು ಆರೋಗ್ಯ ನಿರೀಕ್ಷಕರಿಗೆ ಫೋನ್ ಮಾಡಿದಾಗ "ನಾಳೆ ಕಳಿಸ್ತೀವಿ ಸಾರ್" ಎಂದರು. ಹತ್ತನೇ ತಾರೀಖು ಸಹಾಯವಾಣಿಯಲ್ಲಿ ದೂರು ದಾಖಲಿಸಿದೆ. ಮರುದಿನವೇ "ಕಸ ತೆರವುಗೊಳಿಸಲಾಗಿದೆ, ದೂರು ಮುಕ್ತಾಯ" ಎಂದು ಮೊಬೈಲಿಗೆ ಸಂದೇಶ ಬಂತು. ಅದರ ಮರುದಿನ ಗಾಡಿ ಬರಲಿಲ್ಲ. ಹದಿನೇಳಕ್ಕೆ ಮತ್ತೊಂದು ದೂರು ಕೊಟ್ಟೆ, ಹದಿನೆಂಟಕ್ಕೆ ಅದೂ ಮುಕ್ತಾಯವಾಯಿತು. ಹತ್ತೊಂಬತ್ತಕ್ಕೆ ಗಾಡಿ ಮತ್ತೆ ಬರಲಿಲ್ಲ.

ಮೊದಲು ನನಗೆ ಬಂದದ್ದು ಸಿಟ್ಟು. ಆಮೇಲೆ ಯೋಚಿಸಿದಾಗ ಆ ಸಂದೇಶಗಳಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದು ಹೊಳೆಯಿತು. ಹನ್ನೊಂದಕ್ಕೂ ಹದಿನೆಂಟಕ್ಕೂ ಗಾಡಿ ನಿಜವಾಗಿ ಬಂದಿತ್ತು. ಸಹಾಯವಾಣಿಯ ಲೆಕ್ಕದಲ್ಲಿ ಒಂದು ದೂರು ಎಂದರೆ ಒಂದು ದಿನದ ಕಸ. ಅದನ್ನು ಎತ್ತಿದರೆ ದೂರು ಮುಗಿಯಿತು. ಗಾಡಿ ಮತ್ತೆ ಮತ್ತೆ ತಪ್ಪುತ್ತಿದೆ ಎಂಬುದನ್ನು ದಾಖಲಿಸಲು ಅಲ್ಲಿ ಜಾಗವೇ ಇಲ್ಲ. ಆ ಮಾತನ್ನು ಹೇಳಬೇಕಾದರೆ ಕಾಗದದ ಮೇಲೆ ಅರ್ಜಿಯನ್ನೇ ಬರೆಯಬೇಕು.

ಅರ್ಜಿ ಬರೆಯುವ ಮೊದಲು ಅಡುಗೆಮನೆಯ ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿದೆ. ಗಾಡಿ ಬಾರದ ದಿನಗಳಿಗೆ ಮನೆಯವರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದರು. ಜೂನ್ 2ರಿಂದ 28ರವರೆಗೆ ಭಾನುವಾರಗಳನ್ನು ಕಳೆದರೆ ಇಪ್ಪತ್ನಾಲ್ಕು ದಿನ. ಏಳನೇ ತಾರೀಖು ಬಕ್ರೀದ್ ಇತ್ತು. ಹಬ್ಬದ ದಿನ ಯಾರ ಮೇಲೂ ತಪ್ಪು ಹೊರಿಸುವುದು ಬೇಡವೆಂದು ಅದನ್ನೂ ಬಿಟ್ಟೆ. ಉಳಿದ ಇಪ್ಪತ್ಮೂರು ದಿನಗಳಲ್ಲಿ ಗಾಡಿ ತಪ್ಪಿದ್ದು ಒಂಬತ್ತು ದಿನ: 2, 5, 9, 12, 13, 16, 19, 23 ಮತ್ತು 26. ತಾರೀಖುಗಳ ಪಕ್ಕದಲ್ಲಿ ವಾರಗಳನ್ನು ಬರೆದಾಗ ನಾಲ್ಕು ಸೋಮವಾರ, ನಾಲ್ಕು ಗುರುವಾರ, ಒಂದೇ ಒಂದು ಶುಕ್ರವಾರ ಕಂಡವು.

ಗುರುವಾರ ನಮ್ಮೂರ ಸಂತೆ. ಅಂದು ಟಿಪ್ಪರುಗಳು ಸಂತೆಮಾಳದತ್ತ ಹೋಗುತ್ತವೆ. ಸೋಮವಾರದ ಗುಟ್ಟನ್ನು ಗಾಡಿಯ ಚಾಲಕರನ್ನೇ ಕೇಳಿ ತಿಳಿದುಕೊಂಡೆ. ಭಾನುವಾರದ ಕಸವೂ ಸೇರಿ ಎರಡು ದಿನದ ಕಸ ಒಟ್ಟಿಗೆ ಬೀಳುವುದರಿಂದ ಮೂರನೇ ಅಡ್ಡರಸ್ತೆಗೇ ಗಾಡಿ ತುಂಬುತ್ತದೆ. ಖಾಲಿ ಮಾಡಲು ಊರಾಚೆಯ ಘಟಕಕ್ಕೆ ಹೋದರೆ ತಿರುಗಿ ಬರುವಷ್ಟರಲ್ಲಿ ಅವರ ಪಾಳಿ ಮುಗಿದಿರುತ್ತದೆ. ಗಾಡಿ ತಪ್ಪಲು ಪೌರಕಾರ್ಮಿಕರ ಸೋಮಾರಿತನ ಕಾರಣವಲ್ಲ, ಮಾರ್ಗವನ್ನು ಹೊಂದಿಸಿರುವ ರೀತಿ ಕಾರಣ. ತಾರೀಖುಗಳನ್ನು ಬರೆಯದೆ ಹೋಗಿದ್ದರೆ ನಾನೂ "ಗಾಡಿಯವರು ಸರಿಯಾಗಿ ಬರುತ್ತಿಲ್ಲ" ಎಂದು ಬರೆದು, ದಿನಗೂಲಿಯ ಒಬ್ಬ ಬಡಪಾಯಿಯ ಕೆಲಸಕ್ಕೆ ಕುತ್ತು ತರುತ್ತಿದ್ದೆನೇನೋ.

ಇನ್ನು ಫೋಟೋಗಳ ವಿಷಯ. ಸಾಮಾನ್ಯವಾಗಿ ನಾವು ರಸ್ತೆ ಬದಿಯ ಕಸದ ರಾಶಿಯ ಫೋಟೋ ತೆಗೆಯುತ್ತೇವೆ. ಅಲ್ಲಿ ಕಸ ಬಿದ್ದಿದೆ ಎಂದಷ್ಟೇ ಅದು ಹೇಳುತ್ತದೆ, ಗಾಡಿ ಬರಲಿಲ್ಲ ಎಂದು ಹೇಳುವುದಿಲ್ಲ. ಬೀದಿಯಲ್ಲಿ ಕಸ ಸುರಿಯುವುದು ದಂಡ ಬೀಳುವ ತಪ್ಪಾದ್ದರಿಂದ "ನಿಮ್ಮ ಬೀದಿಯವರೇ ಸುರಿದಿದ್ದಾರೆ" ಎಂಬ ಉತ್ತರ ಬಂದರೆ ನಮ್ಮ ಫೋಟೋ ನಮಗೇ ತಿರುಗುತ್ತದೆ. ನಾನು ಜೂನ್ 16ರಿಂದ ಬೇರೆ ದಾರಿ ಹಿಡಿದೆ. ಗೇಟಿನ ಮುಂದೆ ಹಸಿ ಕಸದ ಹಸಿರು ಬಕೆಟ್, ಒಣ ಕಸದ ಚೀಲ, ಹಿಂದೆ ಸಂಖ್ಯೆ ಕಾಣುವ ವಿದ್ಯುತ್ ಕಂಬ. ಬೆಳಿಗ್ಗೆ ಏಳಕ್ಕೆ ಒಂದು ಫೋಟೋ, ಅದೇ ಜಾಗದಲ್ಲಿ ನಿಂತು ಮಧ್ಯಾಹ್ನ ಒಂದಕ್ಕೆ ಇನ್ನೊಂದು. ಎರಡರಲ್ಲೂ ಬಕೆಟ್ ತುಂಬಿದೆ, ಎರಡನೆಯದರಲ್ಲಿ ನೆರಳು ಕಂಬದ ಬುಡಕ್ಕೆ ಸರಿದಿದೆ, ಮುಚ್ಚಳದ ಮೇಲೆ ನೊಣ ಕೂತಿವೆ. ಕಸವನ್ನು ನಾವು ಬೇರ್ಪಡಿಸಿ ಹೊತ್ತಿಗೆ ಸರಿಯಾಗಿ ಇಟ್ಟಿದ್ದೆವು, ಯಾರೂ ಒಯ್ಯಲಿಲ್ಲ ಎಂಬುದು ಈ ಜೋಡಿಯಲ್ಲಿ ಸಿಗುತ್ತದೆ. ಫೋಟೋ ತೆಗೆದ ದಿನಾಂಕ, ಹೊತ್ತು ಮೂಲ ಕಡತದೊಳಗೆ ಉಳಿಯುತ್ತವೆ. ವಾಟ್ಸಾಪಿನಲ್ಲಿ ಫೋಟೋ ಎಂದೇ ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ. ಹಾಗಾಗಿ ಮೂಲವನ್ನು ಫೋನಿನಲ್ಲೇ ಉಳಿಸಿಕೊಂಡು ಮುದ್ರಿಸಿದ ಪ್ರತಿ ಕೊಡಬೇಕು. ಪ್ರತಿಯೊಂದಕ್ಕೂ ಸಂಖ್ಯೆ ಹಾಕಿ, ತಾರೀಖು ಬರೆದು, ಕೆಳಗೆ ಸಹಿ ಮಾಡಿದೆ. ಗಾಡಿಯವರ ಮುಖ ಯಾವ ಫೋಟೋದಲ್ಲೂ ಇರಲಿಲ್ಲ.

ಕನ್ನಡದ ಸರ್ಕಾರಿ ಪತ್ರದಲ್ಲಿ "ವಿಷಯ"ದ ಕೆಳಗೆ "ಉಲ್ಲೇಖ" ಎಂಬ ಸಾಲು ಇರುತ್ತದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಹಳೆಯ ದೂರುಗಳಿಗೆ ಇರುವ ಜಾಗ ಅದೇ. ನನ್ನ ಅರ್ಜಿಯ ಮುಖ್ಯ ಭಾಗ ಹೀಗಿತ್ತು:

"ವಿಷಯ: ಸೋಮವಾರ ಮತ್ತು ಗುರುವಾರಗಳಂದು ನಮ್ಮ ಅಡ್ಡರಸ್ತೆಯಲ್ಲಿ ಕಸ ಸಂಗ್ರಹ ಪದೇ ಪದೇ ತಪ್ಪುತ್ತಿರುವ ಬಗ್ಗೆ.

ಉಲ್ಲೇಖ: 1. ಆರೋಗ್ಯ ನಿರೀಕ್ಷಕರಿಗೆ ದೂರವಾಣಿ ಮೂಲಕ ದೂರು, 6-6-2025. 2. ಸಹಾಯವಾಣಿ ದೂರು ಸಂಖ್ಯೆ 2316, 10-6-2025 (ಮುಕ್ತಾಯ 11-6-2025). 3. ದೂರು ಸಂಖ್ಯೆ 2471, 17-6-2025 (ಮುಕ್ತಾಯ 18-6-2025).

ಮಾನ್ಯರೇ, ಜೂನ್ 2ರಿಂದ 28ರವರೆಗಿನ 23 ದಿನಗಳಲ್ಲಿ ಲಗತ್ತಿಸಿದ ಪಟ್ಟಿಯ 9 ದಿನ ವಾಹನ ಬಂದಿಲ್ಲ. ಉಲ್ಲೇಖ 2 ಮತ್ತು 3ರ ದೂರುಗಳನ್ನು ಆಯಾ ದಿನ ಕಸ ಎತ್ತಿ ಮುಕ್ತಾಯಗೊಳಿಸಲಾಗಿದೆ. ಆದರೆ ಎರಡು ಸಲವೂ ಮರುದಿನವೇ ವಾಹನ ತಪ್ಪಿದೆ (ಜೂನ್ 19ರ ಫೋಟೋ 3 ಮತ್ತು 4 ನೋಡಿ). ಸೋಮವಾರ ವಾಹನವು ಕೊನೆಯ ಅಡ್ಡರಸ್ತೆಯಿಂದ ಹೊರಡುವಂತೆಯೂ, ಗುರುವಾರ ಸಂತೆ ಕೆಲಸದ ನಂತರ ಒಂದು ಸುತ್ತು ಬರುವಂತೆಯೂ ಮಾರ್ಗ ಬದಲಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ."

ಇದರ ಕೆಳಗೆ ಕಾನೂನಿನದು ಒಂದೇ ವಾಕ್ಯ ಬರೆದೆ. ಕಸ ತೆಗೆಸುವುದು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 87ನೇ ಪ್ರಕರಣದಲ್ಲಿ ಕಡ್ಡಾಯ ಕರ್ತವ್ಯಗಳ ಪಟ್ಟಿಯಲ್ಲಿದೆ. ಬೆಂಗಳೂರು ಬಿಟ್ಟು ಮಹಾನಗರಪಾಲಿಕೆ ಇರುವ ಬೇರೆ ಊರಿನವರು 1976ರ ಪಾಲಿಕೆಗಳ ಕಾಯ್ದೆಯ 58ನೇ ಪ್ರಕರಣ ಹೇಳಬೇಕು. ಇದಕ್ಕಿಂತ ಹೆಚ್ಚು ಕಾನೂನು ತುಂಬಿದರೆ ಓದುವವರ ಕಣ್ಣು ತಾರೀಖುಗಳಿಂದ ಜಾರುತ್ತದೆ.

ಅರ್ಜಿಯನ್ನು ನಗರಸಭೆಯಲ್ಲಿ ಪೌರಾಯುಕ್ತರಿಗೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿಗೆ ಬರೆಯಬೇಕು. ಜುಲೈ 1ರಂದು ಎರಡು ಪ್ರತಿ ಹಿಡಿದು ಕಚೇರಿಗೆ ಹೋದೆ. ಟಪಾಲು ಶಾಖೆಯಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು, ತಾರೀಖು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡೆ. "ಮೇಜಿನ ಮೇಲಿಟ್ಟು ಹೋಗಿ, ನೋಡ್ತಾರೆ" ಎಂದರೆ ಒಪ್ಪಬೇಡಿ. ಮೊಹರಿಲ್ಲದ ಅರ್ಜಿ ಕೊಟ್ಟದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಉತ್ತರ ಬಾರದಿದ್ದರೆ ಮುಂದಿನ ಮೆಟ್ಟಿಲು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಗಾಡಿ ಯಾಕೆ ಬರಲಿಲ್ಲ ಎಂದು ಕೇಳಿದರೆ ಕಾರಣ ಹೇಳುವುದು ನಮ್ಮ ಕೆಲಸವಲ್ಲ ಎಂದುಬಿಡಬಹುದು. ಆ ಒಂಬತ್ತು ದಿನಗಳ ವಾಹನದ ಲಾಗ್ ಪುಸ್ತಕದ ನಕಲನ್ನು ಕೇಳಿ. ಬಾರದ ದಿನವೂ ಸುತ್ತು ಮುಗಿಸಿದೆ ಎಂದು ಅದರಲ್ಲಿ ಬರೆದಿದ್ದರೆ ನಿಮ್ಮ ಫೋಟೋ ಎದುರು ನಿಲ್ಲುತ್ತದೆ. ಇಷ್ಟಾದರೂ ಮಾಹಿತಿ ಹಕ್ಕು ಕಾಗದ ಕೊಡಿಸುತ್ತದೆಯೇ ಹೊರತು ಗಾಡಿಯನ್ನಲ್ಲ.

ನನಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಎಂಟನೇ ದಿನ ಆರೋಗ್ಯ ನಿರೀಕ್ಷಕರು ನನ್ನ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಬೀದಿಗೆ ಬಂದರು. ಜುಲೈ 14ರ ಸೋಮವಾರದಿಂದ ಗಾಡಿ ನಮ್ಮ ತುದಿಯಿಂದ ಹೊರಡತೊಡಗಿತು. ಗುರುವಾರದ್ದು ಪೂರ್ತಿ ಸರಿಹೋಗಿಲ್ಲ, ತಿಂಗಳಿಗೊಮ್ಮೆಯಾದರೂ ತಪ್ಪುತ್ತದೆ. ಆ ದಿನಗಳಿಗೆ ಕ್ಯಾಲೆಂಡರಿನಲ್ಲಿ ಈಗಲೂ ಕೆಂಪು ಸುತ್ತು ಬೀಳುತ್ತಿದೆ. ನಿಮ್ಮ ಬೀದಿಗೆ ಇವತ್ತು ಗಾಡಿ ಬರದಿದ್ದರೆ, ಫೋನ್ ಎತ್ತುವ ಮೊದಲು ಆ ತಾರೀಖಿಗೆ ಒಂದು ಸುತ್ತು ಹಾಕಿಡಿ.