ಕಾರ್ಡ್ ಹೊಸ ಫೋನಿನಲ್ಲಿ, ಕೀಲಿ ಹಳೆಯದರಲ್ಲಿ

ಗಾಜು ಒಡೆದು ಟಚ್ ಕೆಲಸ ಮಾಡದ ಫೋನಿನಿಂದ ಮೈಕ್ರೊ ಎಸ್‌ಡಿ ಕಾರ್ಡ್ ತೆಗೆದು ಹೊಸ ಫೋನಿಗೆ ಹಾಕಿದ್ದಾರೆ ಎಂದುಕೊಳ್ಳಿ. ಮಗುವಿನ ನಾಮಕರಣದ ಫೋಟೊಗಳೆಲ್ಲ ಅದರಲ್ಲೇ ಇವೆ. ಫೋಟೊ ಕಾಣಿಸುವ ಬದಲು, ಕಾರ್ಡ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿ ಎಂಬರ್ಥದ ಸೂಚನೆ ಬರುತ್ತದೆ. ಕಂಪ್ಯೂಟರಿಗೆ ಹಾಕಿದರೂ ಅದೇ ಮಾತು.

ಇಂಥ ಹೊತ್ತಿನಲ್ಲಿ ಕಾರ್ಡ್ ಕೆಟ್ಟಿರಲೇಬೇಕೆಂದಿಲ್ಲ.

2015ರಲ್ಲಿ ಬಂದ ಆಂಡ್ರಾಯ್ಡ್ 6, ಕಾರ್ಡನ್ನು ಫೋನಿನ ಸ್ವಂತ ಸ್ಟೋರೇಜ್ ಆಗಿ ಬಳಸುವ ಸೌಲಭ್ಯ ಕೊಟ್ಟಿತು. ‘ಇಂಟರ್ನಲ್’ ಎಂದು ಆರಿಸಿದರೆ ಫೋನು ಕಾರ್ಡನ್ನು ಪೂರ್ತಿ ಅಳಿಸಿ, ಎರಡು ಭಾಗ ಮಾಡುತ್ತದೆ. ಮೊದಲನೆಯದು 16 ಎಂಬಿಯ ಚಿಕ್ಕ ತುಂಡು. ಉಳಿದ ದೊಡ್ಡ ಭಾಗದಲ್ಲಿ ಬರೆದದ್ದೆಲ್ಲ ಗೂಢಲಿಪಿಯಲ್ಲಿರುತ್ತದೆ. ಕಂಪ್ಯೂಟರಿನಲ್ಲಿ ಹೀಗೆ ಒಂದು ಸಣ್ಣ, ಒಂದು ದೊಡ್ಡ ಭಾಗ ಕಂಡು, ದೊಡ್ಡದು ಓದಲು ಬಾರದಿದ್ದರೆ ಸಮಸ್ಯೆ ಇದೇ ಎಂದು ಬಹುಮಟ್ಟಿಗೆ ಹೇಳಬಹುದು.

ಆ ಗೂಢಲಿಪಿ ಬಿಡಿಸುವ ಕೀಲಿ ಕಾರ್ಡಿನಲ್ಲಿಲ್ಲ. ಹಳೆಯ ಫೋನಿನ ಒಳ ಮೆಮೊರಿಯಲ್ಲಿ, ಈ ಫೋಲ್ಡರಿನಲ್ಲಿ ಕೂತಿರುತ್ತದೆ:

```
/data/misc/vold/
```

ಹಾಗಾಗಿ ಅಳಿಸಿದ ಫೋಟೊ ಹುಡುಕಿಕೊಡುವ ಸಾಫ್ಟ್‌ವೇರ್‌ಗಳಿಗೆ ದುಡ್ಡು ಸುರಿಯುವುದು ವ್ಯರ್ಥ. ಅವು ಫೋಟೊ ಫೈಲಿನ ಆರಂಭದ ಗುರುತನ್ನು ಹುಡುಕುತ್ತವೆ. ಇಲ್ಲಿ ಆ ಗುರುತೂ ಗೂಢಲಿಪಿಯಾಗಿ ಕಲಸಿಹೋಗಿರುತ್ತದೆ.

ದಾರಿಯೆಂದರೆ ಕಾರ್ಡನ್ನು ಮರಳಿ ಹಳೆಯ ಫೋನಿಗೇ ಹಾಕುವುದು. ಫೋನ್ ಆಫ್ ಮಾಡಿ, ಕಾರ್ಡ್ ಕೂರಿಸಿ, ಆನ್ ಮಾಡಬೇಕು. ಪರದೆ ಕಾಣಿಸುತ್ತಿದ್ದು ಟಚ್ ಮಾತ್ರ ಹೋಗಿದ್ದರೆ, ಹಲವು ಫೋನುಗಳಿಗೆ ಒಟಿಜಿ ಕನೆಕ್ಟರ್ ಮೂಲಕ ಮೌಸ್ ಸಿಕ್ಕಿಸಿ ಲಾಕ್ ತೆಗೆಯಬಹುದು. ಆಮೇಲೆ ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ‘ಫೈಲ್ ಟ್ರಾನ್ಸ್‌ಫರ್’ ಆರಿಸಿ, ಮೊದಲು ಕ್ಯಾಮೆರಾ ಫೋಲ್ಡರ್ (`DCIM`) ನಕಲು ಮಾಡಿಕೊಳ್ಳಬೇಕು. ಪರದೆಯೇ ಕಪ್ಪಾಗಿದ್ದರೆ ಡಿಸ್‌ಪ್ಲೇ ಬದಲಿಸಲು ಹಣ ಹಾಕುವುದು ಸಾರ್ಥಕ. ಆದರೆ ರಿಪೇರಿಯವರಿಗೆ ಒಂದು ಮಾತು ಬಿಡಿಸಿ ಹೇಳಬೇಕು: ಮದರ್‌ಬೋರ್ಡ್ ಬದಲಿಸಬೇಡಿ, ರೀಸೆಟ್ ಮಾಡಬೇಡಿ. ಕೀಲಿ ಇರುವುದು ಆ ಬೋರ್ಡಿನ ಮೇಲೆಯೇ.

ಹಳೆಯ ಫೋನಿನ ಸ್ಟೋರೇಜ್ ಪುಟದಲ್ಲಿ, ಹೊರತೆಗೆದ ಕಾರ್ಡಿನ ಹೆಸರಿನ ಪಕ್ಕ ‘ಫರ್ಗೆಟ್’ ಎಂಬ ಆಯ್ಕೆ ಇರುತ್ತದೆ. ಅದನ್ನು ಒತ್ತಿದರೆ ಫೋನು ಕೀಲಿಯನ್ನು ಅಳಿಸಿಬಿಡುತ್ತದೆ. ಫ್ಯಾಕ್ಟರಿ ರೀಸೆಟ್‌ನಿಂದಲೂ ಅದೇ ನಷ್ಟ. ಹೊಸ ಫೋನಿನಲ್ಲಿ ಕಾರ್ಡನ್ನು ಫಾರ್ಮ್ಯಾಟ್ ಮಾಡಿದ್ದರೆ ಕಾರ್ಡಿನ ಗುರುತಿನ ಸಂಖ್ಯೆಯೇ ಬದಲಾಗುತ್ತದೆ. ಹಳೆಯ ಫೋನು ಮತ್ತೆ ಅದನ್ನು ತನ್ನದೆಂದು ಗುರುತಿಸುವುದಿಲ್ಲ.

ಫೋನು ಮೊದಲೇ ರೂಟ್ ಆಗಿದ್ದರೆ ತಿಳಿದವರು ಕೀಲಿಯ ಫೈಲನ್ನು ಹೊರತೆಗೆದು, ಲಿನಕ್ಸ್ ಕಂಪ್ಯೂಟರಿನಲ್ಲಿ ಕಾರ್ಡಿನ ಪ್ರತಿ ತೆರೆಯಬಲ್ಲರು. ಆದರೆ ಈ ಫೋಟೊಗಳಿಗಾಗಿ ಈಗ ರೂಟ್ ಮಾಡಹೊರಡುವುದು ಅಪಾಯ: ಅದಕ್ಕೆ ಬೂಟ್‌ಲೋಡರ್ ತೆರೆಯಬೇಕು, ಸಾಮಾನ್ಯವಾಗಿ ಆ ಹೆಜ್ಜೆಯಲ್ಲೇ ಒಳ ಮೆಮೊರಿ ಅಳಿಸಿಹೋಗುತ್ತದೆ, ಕೀಲಿಯೂ ಅದರ ಜೊತೆಗೆ.

ಫೋಟೊಗಳೆಲ್ಲ ಕಂಪ್ಯೂಟರಿಗೆ ಬಂದು, ನಾಲ್ಕಾರನ್ನು ತೆರೆದು ನೋಡಿ ಸರಿಯಿವೆ ಎಂದು ಖಾತ್ರಿಯಾದ ಮೇಲೆ ಕಾರ್ಡನ್ನು ‘ಪೋರ್ಟಬಲ್’ ಆಗಿ ಫಾರ್ಮ್ಯಾಟ್ ಮಾಡಬಹುದು. ಆಗ ಅದು ಹೊಸ ಫೋನಿನಲ್ಲೂ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ.