ಹತ್ತಕ್ಕೆ ಬಸ್ಸು, ಒಂಬತ್ತೂವರೆಗೆ ಹಾಜರಿ

ಬೆಂಗಳೂರಿನಿಂದ ಧರ್ಮಸ್ಥಳ, ಕುಕ್ಕೆಗೆ ಬಸ್ಸು ಮಾಡಿಕೊಂಡು ಹೊರಡುವ ತಂಡಗಳಲ್ಲಿ ಮೊದಲ ಗಲಾಟೆ ಆಗುವುದು ವಾಟ್ಸಾಪ್ ಸಂದೇಶದಿಂದಲೇ. ‘ಶನಿವಾರ ರಾತ್ರಿ 12.15ಕ್ಕೆ ಬಸ್’ ಎಂದು ಬರೆದರೆ ಅರ್ಧ ಜನ ಒಂದು ದಿನ ಮೊದಲೇ ಚೀಲ ಹಿಡಿದು ನಿಲ್ಲುತ್ತಾರೆ. ಅನುಭವಿ ಸಂಘಟಕರು ಮಧ್ಯರಾತ್ರಿಯ ಗೋಜಿಗೇ ಹೋಗದೆ ಹೀಗೆ ಬರೆಯುತ್ತಾರೆ:

‘ಶುಕ್ರವಾರ ರಾತ್ರಿ 9.30ಕ್ಕೆ ಗಣಪತಿ ದೇವಸ್ಥಾನದ ಮುಂದೆ ಹಾಜರಿ. 10ಕ್ಕೆ ಬಸ್ ಹೊರಡುತ್ತದೆ. ಹಾಸನದಲ್ಲಿ ಚಹಾಕ್ಕೆ 15 ನಿಮಿಷ. ಧರ್ಮಸ್ಥಳದಿಂದ ಬೆಳಿಗ್ಗೆ 10.30ಕ್ಕೆ ಕುಕ್ಕೆಗೆ. ತಡವಾದವರಿಗೆ 10 ನಿಮಿಷ ಮಾತ್ರ ಕಾಯುತ್ತೇವೆ.’

ಆ ಅರ್ಧ ಗಂಟೆ ಸುಮ್ಮನೆ ಇಟ್ಟದ್ದಲ್ಲ. ಲಗೇಜು ಡಿಕ್ಕಿಗೆ ಸೇರಿ, ಕಿಟಕಿ ಸೀಟಿನ ಜಗಳ ಮುಗಿಯಲು ಅಷ್ಟು ಬೇಕೇ ಬೇಕು.

ಬೆಳಗಿನ 10.30 ಹುಟ್ಟುವುದು ಹಿಂದಿನಿಂದ ಲೆಕ್ಕ ಹಾಕಿ. ಕುಕ್ಕೆಯಲ್ಲಿ ಮಧ್ಯಾಹ್ನ ದರ್ಶನ ನಿಲ್ಲುತ್ತದೆ. ದಾರಿ ಸುಮಾರು 55 ಕಿ.ಮೀ., ತಿರುವುಗಳೇ ಹೆಚ್ಚು, ಒಂದೂವರೆ ಗಂಟೆ ಹಿಡಿಯುತ್ತದೆ. ಅದರ ಮೇಲೆ ಸರದಿ ಸಾಲು. ಧರ್ಮಸ್ಥಳದಲ್ಲಿ ಅರ್ಧ ಗಂಟೆ ಜಾರಿದರೆ ಇಡೀ ಬಸ್ಸು ದರ್ಶನ ಮತ್ತೆ ಶುರುವಾಗುವವರೆಗೆ ಕಾಯಬೇಕಾದೀತು.

ತಡದ ನಿಯಮ ಎಲ್ಲ ಕಡೆ ಒಂದೇ ಆಗದು. ಊರಲ್ಲಿ ತಡವಾದವರಿಗೆ ಫೋನ್ ಮಾಡಬಹುದು. ದರ್ಶನದ ಸಾಲಿನಲ್ಲಿರುವ ಅಜ್ಜಿಯ ಕೈಯಲ್ಲಿ ಫೋನೇ ಇರುವುದಿಲ್ಲ. ಅದಕ್ಕೇ ಜಾಣ ಸಂದೇಶದಲ್ಲಿ ಇನ್ನೊಂದು ಸಾಲಿರುತ್ತದೆ: ‘ಬಸ್ ತಪ್ಪಿದರೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕುಕ್ಕೆಗೆ ಬನ್ನಿ, ಟಿಕೆಟ್ ನಿಮ್ಮದೇ, ಹಿರಿಯರ ಜೊತೆ ಒಬ್ಬರು ಇರಲೇಬೇಕು.’