ಜಗಳವಿಲ್ಲದ ಮನೆಯಲ್ಲಿ ಸದ್ದಿಲ್ಲದೆ ಕಳೆದುಹೋಗುವವರು

ಗಂಡ ಹೆಂಡತಿ ಜಗಳವಾಡುತ್ತಿಲ್ಲ ಎಂದರೆ ಸಂಸಾರ ಸುಖವಾಗಿದೆ ಎಂದು ನೆಂಟರಿಷ್ಟರು ತೀರ್ಮಾನಿಸಿಬಿಡುತ್ತಾರೆ. ಅಮೆರಿಕದ ಮನೋವಿಜ್ಞಾನಿ ಡಾನಾ ಜ್ಯಾಕ್ ಅಷ್ಟು ಬೇಗ ತೀರ್ಮಾನಿಸಲಿಲ್ಲ. ಖಿನ್ನತೆಗೆ ಒಳಗಾದ ಹೆಂಗಸರ ಜೊತೆ ಕೂತು ಅವರ ಮಾತು ಕೇಳಿದಾಗ ಆಕೆಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು: ಸಂಬಂಧ ಉಳಿಯಲಿ ಎಂದು ಇವರು ತಮ್ಮ ಅನಿಸಿಕೆಗಳನ್ನು ನುಂಗಿಕೊಳ್ಳುತ್ತಿದ್ದರು. 1991ರಲ್ಲಿ ಈ ಕುರಿತು ಪುಸ್ತಕ ಬರೆದರು. ಮರುವರ್ಷ, ಈ ಸ್ವಭಾವವನ್ನು ಅಳೆಯಲು 31 ಹೇಳಿಕೆಗಳ ಪ್ರಶ್ನಾವಳಿಯೊಂದು ಬಂತು. ಹೊರಗೆ ನಗುಮುಖ, ಒಳಗೆ ಸಿಟ್ಟು, ತನ್ನನ್ನು ತಾನು ಇನ್ನೊಬ್ಬರ ಕಣ್ಣಿನಿಂದಲೇ ಅಳೆದುಕೊಳ್ಳುವುದು, ಇಂಥವೆಲ್ಲ ಅದರಲ್ಲಿವೆ.

ಇದು ಒಂದೇ ದಿನ ಆಗುವಂಥದ್ದಲ್ಲ. ಒಂದು ಜೋಡಿಯನ್ನು ಊಹಿಸಿಕೊಳ್ಳಿ. ಗಂಡ ಕೂಗಾಡುವವನಲ್ಲ, ಕೈ ಎತ್ತುವವನಲ್ಲ. ಬೇಸರವಾದರೆ ಮಾತು ಬಿಡುತ್ತಾನೆ, ಅಷ್ಟೆ. ಮದುವೆಯಾದ ಹೊಸದರಲ್ಲಿ ಆಕೆ ಗೆಳತಿಯರ ಜೊತೆ ಸಿನಿಮಾ ನೋಡಿ ತಡವಾಗಿ ಬಂದಳು. ಎರಡು ದಿನ ಮನೆಯಲ್ಲಿ ಮೌನ. ಮುಂದಿನ ಸಲ ಗೆಳತಿಯರು ಕರೆದಾಗ ‘ಮನೇಲಿ ಸ್ವಲ್ಪ ಕೆಲಸ ಇದೆ ಕಣೇ’ ಎಂದಳು. ಗಂಡ ‘ಹೋಗಬೇಡ’ ಎಂದಿರಲೇ ಇಲ್ಲ. ಹೋಗಲಿಲ್ಲ, ಮನೆ ತಣ್ಣಗಿತ್ತು, ಆಕೆಗೆ ಹಾಯೆನಿಸಿತು.

ಈ ‘ಹಾಯೆನಿಸುವುದೇ’ ಅಭ್ಯಾಸವನ್ನು ಬೇರೂರಿಸುವುದು. ಸುಮ್ಮನಿದ್ದರೆ ಆತಂಕ ತಕ್ಷಣ ಇಳಿಯುತ್ತದೆ, ಹಾಗಾಗಿ ಮನಸ್ಸು ಮುಂದಿನ ಸಲ ಇನ್ನೂ ಬೇಗ ಸುಮ್ಮನಾಗುವುದನ್ನು ಕಲಿಯುತ್ತದೆ. ಕೆಲವು ವರ್ಷ ಕಳೆದರೆ ಆಕೆ ಗೇಟಿನ ಬಳಿ ಬೈಕು ನಿಂತ ರೀತಿಯಿಂದಲೇ ಅವನ ಮೂಡು ಹೇಗಿದೆ ಎಂದು ಹೇಳಬಲ್ಲಳು. ಅಮ್ಮ ಫೋನ್ ಮಾಡಿದ್ದನ್ನು ಈಗ ಹೇಳುವುದೋ, ಊಟವಾದ ಮೇಲೋ ಎಂದು ತರಕಾರಿ ಹೆಚ್ಚುತ್ತಲೇ ಮಾತನ್ನು ಎರಡು ಮೂರು ಥರ ಜೋಡಿಸಿ ನೋಡುತ್ತಾಳೆ. ಹೋಟೆಲಿನಲ್ಲಿ ‘ನಿನಗೇನು?’ ಎಂದರೆ ‘ನಿಮಗೇನೋ ಅದೇ’ ಎನ್ನುತ್ತಾಳೆ. ಬೇಕಾದ್ದನ್ನು ಬಿಟ್ಟುಕೊಟ್ಟು ಹಾಗೆನ್ನುತ್ತಿಲ್ಲ. ಏನು ಬೇಕೆಂಬುದೇ ಹೊಳೆಯುತ್ತಿಲ್ಲ.

ಹೊಂದಾಣಿಕೆಗೂ ಇದಕ್ಕೂ ಇರುವ ಗೆರೆ ಇಲ್ಲೇ. ‘ನನಗೆ ಮೈಸೂರಿಗೆ ಹೋಗೋ ಆಸೆ ಇತ್ತು, ಹೋಗ್ಲಿ, ಈ ಸಲ ನಿಮ್ಮೂರಿಗೇ ಹೋಗೋಣ’ ಎನ್ನುವವರು ತಮ್ಮನ್ನು ಕಳೆದುಕೊಂಡಿಲ್ಲ. ಅವರ ಆಸೆ ಮಾತಿನಲ್ಲಿ ಹೊರಬಂತು, ಆಮೇಲೆ ಸೋತಿತು. ಆಸೆ ಹುಟ್ಟುವ ಮೊದಲೇ ಎದುರಿನವರ ಮುಖ ನೆನಪಾದರೆ ಎಚ್ಚರ ವಹಿಸಬೇಕು. ಇನ್ನೊಂದು ಗುರುತೂ ಉಂಟು: ದೊಡ್ಡ ವಿಷಯಗಳಿಗೆಲ್ಲ ತಲೆಯಾಡಿಸಿ, ಎಂದೋ ಒಂದು ದಿನ ಟವೆಲ್ ಮಂಚದ ಮೇಲೆ ಬಿದ್ದಿದೆ ಎಂದು ಹಾರಾಡುವುದು. ಮನೆಯವರಿಗೆ ಅದು ತಲೆಕೆಟ್ಟಂತೆ ಕಾಣುತ್ತದೆ, ಆದರೆ ಆ ಸಿಟ್ಟು ಟವೆಲ್ಲಿನದ್ದಲ್ಲ.

ಇದು ಹೆಂಗಸರದ್ದಷ್ಟೇ ಎಂದುಕೊಳ್ಳಬೇಕಿಲ್ಲ. ಆ ಪ್ರಶ್ನಾವಳಿಯಲ್ಲಿ ಗಂಡಸರೂ ಕಡಿಮೆ ಅಂಕ ಪಡೆದಿಲ್ಲ. ಆದರೆ ದೇಹ ತೆರುವ ಬೆಲೆ ಇಬ್ಬರಿಗೂ ಒಂದೇ ಇದ್ದಂತಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿದ್ದವರನ್ನು ಸುಮಾರು 10 ವರ್ಷ ಗಮನಿಸಿದ ವರದಿ 2007ರಲ್ಲಿ ಪ್ರಕಟವಾಯಿತು. ಗಂಡನೊಡನೆ ಮನಸ್ತಾಪವಾದಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದ ಹೆಂಗಸರು ಆ ಅವಧಿಯಲ್ಲಿ ಸಾಯುವ ಸಂಭವ, ಮಾತಾಡುತ್ತಿದ್ದವರಿಗಿಂತ ನಾಲ್ಕು ಪಟ್ಟು ಹೆಚ್ಚಿತ್ತು. ಗಂಡಸರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಮೌನವೇ ಕೊಂದಿತು ಎಂದು ಇದರಿಂದ ಹೇಳಲಾಗದು. ಎರಡಕ್ಕೂ ನಂಟಿದೆ ಎಂದಷ್ಟೇ ಹೇಳಬಹುದು.

ಗಮನಕ್ಕೆ ಬಂದ ಮೇಲೆ ದೊಡ್ಡ ಪಂಚಾಯಿತಿ ಕೂಡಿಸಿ ಹಳೆಯ ಲೆಕ್ಕವೆಲ್ಲ ತೆಗೆಯುವುದರಿಂದ ಉಪಯೋಗ ಕಡಿಮೆ. ಸಣ್ಣದರಿಂದ ಶುರುಮಾಡುವುದು ಒಳ್ಳೆಯದು. ಆ ಹೆಂಡತಿ ‘ನನಗೆ ಇವತ್ತು ಪೂರಿ ಬೇಕು ಅನಿಸ್ತಿದೆ’ ಎನ್ನಬಹುದು. ‘ಭಾನುವಾರ ಗೆಳತಿ ಮನೆಗೆ ಹೋಗ್ತೀನಿ, ಏಳು ಗಂಟೆಗೆ ಬರ್ತೀನಿ’ ಎಂದು, ಕ್ಷಮೆ ಕೇಳುವ ದನಿಯಿಲ್ಲದೆ ಹೇಳಬಹುದು. ಗಂಡ ಮುಖ ಊದಿಸಿಕೊಂಡರೆ ಓಡಿಹೋಗಿ ಸರಿಮಾಡದೆ ಆ ಒಂದು ಸಂಜೆ ಹಾಗೇ ಇರಗೊಡುವುದು ಕಷ್ಟದ ಭಾಗ. ಎದೆ ಹೊಡೆದುಕೊಳ್ಳುತ್ತದೆ. ಆತಂಕ ತಾನಾಗಿ ಇಳಿಯುತ್ತದೆ ಎಂಬುದು ಹಾಗೆ ಕೂತಾಗಲೇ ತಿಳಿಯುವುದು.

ಎದುರಿನವರ ಪ್ರತಿಕ್ರಿಯೆಯಿಂದಲೂ ಬಹಳಷ್ಟು ಗೊತ್ತಾಗುತ್ತದೆ. ಕೆಲವು ಗಂಡಂದಿರು ‘ಅಯ್ಯೋ, ಮೊದಲೇ ಹೇಳೋದಲ್ವಾ, ನಂಗೇನು ಗೊತ್ತು?’ ಎಂದು ನಿಜಕ್ಕೂ ಬೆರಗಾಗುತ್ತಾರೆ. ಅಲ್ಲಿ ಇದ್ದದ್ದು ಬರೀ ಅಭ್ಯಾಸ. ಇನ್ನು ಕೆಲವರು ಒಂದೆರಡು ವಾರ ಗೊಣಗಿ ಒಗ್ಗಿಕೊಳ್ಳುತ್ತಾರೆ. ಆದರೆ ಪೂರಿ ಬೇಕೆಂದಿದ್ದಕ್ಕೂ ಶಿಕ್ಷೆ ಕಾದಿದ್ದರೆ, ದುಡ್ಡು, ಫೋನು, ತವರಿನ ಓಡಾಟ ಎಲ್ಲದಕ್ಕೂ ಕಡಿವಾಣ ಬೀಳುತ್ತಿದ್ದರೆ, ಆಕೆ ಸುಮ್ಮನಿದ್ದದ್ದು ಭಯದಿಂದ. ಅಲ್ಲಿ ಬಾಯಿ ತೆರೆಯುವ ಪ್ರಯೋಗವನ್ನು ಒಬ್ಬರೇ ಮಾಡಬಾರದು. ಹೆಂಗಸರಿಗೆ 181 ಸಹಾಯವಾಣಿ ಇದೆ. ಭಯವಿಲ್ಲದಿದ್ದರೂ ಮನಸ್ಸು ತೀರಾ ಕುಗ್ಗಿದೆ ಎನಿಸಿದವರು ಸರ್ಕಾರದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.